ಒಂದೇ ಶೀಟಿನಲ್ಲಿ ಇಡೀ ಕಲ್ಲುಮಂಟಪದ ಸಾಲು

ಪ್ರಶ್ನೆ: ಹಂಪಿಯ ವಿರೂಪಾಕ್ಷ ದೇವಸ್ಥಾನದ ಎದುರಿನ ಬಜಾರು ಬೀದಿಯನ್ನು ನೋಡಿಕೊಂಡು, ಎರಡೂ ಕಡೆ ಕಲ್ಲುಮಂಟಪಗಳ ಸಾಲಿರುವ ಒಂದು ಬೀದಿಯನ್ನು ಗೇಮ್‌ಗಾಗಿ ಮಾಡುತ್ತಿದ್ದೇನೆ ಸರ್. ಬ್ಲೆಂಡರ್‌ನಲ್ಲಿ 14 ತುಂಡು ಮಾಡಿದ್ದೇನೆ, ಎಲ್ಲ 2 ಮೀಟರ್ ಗ್ರಿಡ್‌ಗೆ ಕೂರುತ್ತವೆ. ಮೊದಲು ಒಂದೊಂದಕ್ಕೂ ಬೇರೆ ಬೇರೆ 2048 ಟೆಕ್ಸ್ಚರ್ ಮಾಡಿದೆ. ಪಕ್ಕಪಕ್ಕ ಇಟ್ಟರೆ ಒಂದರ ಕಲ್ಲು ಒಂದಕ್ಕೆ ಸೇರುವುದಿಲ್ಲ, ಮೆಮೊರಿಯೂ ಜಾಸ್ತಿ. ಟ್ರಿಮ್ ಶೀಟ್ ಮಾಡಿ ನೋಡಿದೆ. ಈಗ ದೂರದಿಂದ ಕಲ್ಲಿನ ಅಂಚಿನಲ್ಲಿ ಕಪ್ಪು ಗೆರೆ ಕಾಣುತ್ತದೆ, ತುಂಡು ಸೇರುವಲ್ಲೆಲ್ಲ ಡಿಸೈನ್ ತುಂಡಾಗುತ್ತದೆ, ಮೂಲೆಗಳ ಶೇಡಿಂಗ್ ಕೊಳಕಾಗಿ ಕಾಣುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ:

ನಿಮ್ಮ ಮೂರು ತೊಂದರೆಗಳಿಗೂ ಮೂಲ ಒಂದೇ ಕಡೆ ಇದೆ ಎಂದು ನನಗನ್ನಿಸುತ್ತದೆ. ನೀವು ಶೀಟನ್ನು ಮೊದಲು ಚೆಂದವಾಗಿ ಚಿತ್ರಿಸಿ, ಆಮೇಲೆ ತುಂಡುಗಳ ಯುವಿಯನ್ನು ಅದರ ಮೇಲೆ ಹೊಂದಿಸಲು ಹೋಗಿದ್ದೀರಿ. ಕಲ್ಲುಕುಟಿಗ ಹಾಗೆ ಮಾಡುವುದಿಲ್ಲ. ಯಾವ ಕಲ್ಲು ಎಷ್ಟು ಉದ್ದ, ಎಲ್ಲಿ ಸಂದು ಬರುತ್ತದೆ, ಯಾವ ಅಂಚು ಹೊರಗೆ ಕಾಣುತ್ತದೆ ಎಂದು ಗುರುತು ಹಾಕಿಕೊಂಡ ಮೇಲೆಯೇ ಉಳಿ ಹಿಡಿಯುತ್ತಾನೆ. ಟ್ರಿಮ್ ಶೀಟಿನಲ್ಲೂ ಅಳತೆ, ಸಂದು, ಅಂಚು ಈ ಮೂರು ಮೊದಲು ತೀರ್ಮಾನವಾಗಬೇಕು. ಕಲ್ಲಿನ ಬಣ್ಣ, ಕಾಳು, ಸವೆತ ಎಲ್ಲ ಆಮೇಲಿನ ಮಾತು.

ನೀವು ಆರಿಸಿಕೊಂಡ ವಿಷಯವೇ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ದೇವಸ್ಥಾನದ ಅಧಿಷ್ಠಾನವನ್ನು, ಅಂದರೆ ಕಟ್ಟಡ ನಿಂತಿರುವ ಪೀಠವನ್ನು ನೋಡಿ. ತಳದಲ್ಲಿ ಉಪಾನ, ಅದರ ಮೇಲೆ ಜಗತಿ, ಕುಮುದ, ಗಳ, ಪಟ್ಟಿಕೆ. ಒಂದೊಂದೂ ಕಟ್ಟಡದ ಸುತ್ತ ಅಡ್ಡಕ್ಕೆ ಓಡುವ ಒಂದೊಂದು ಪಟ್ಟಿ. ಟ್ರಿಮ್ ಶೀಟ್ ಎಂದರೆ ಇಂಥ ಪಟ್ಟಿಗಳನ್ನು ಒಂದೇ ಟೆಕ್ಸ್ಚರ್‌ನಲ್ಲಿ ಒಂದರ ಕೆಳಗೊಂದು ಜೋಡಿಸಿದ್ದು. ಪ್ರತಿ ಪಟ್ಟಿಯೂ ಶೀಟಿನ ಎಡ ತುದಿಯಿಂದ ಬಲ ತುದಿಯವರೆಗೆ ಓಡುತ್ತದೆ, ಬಲ ತುದಿ ಮುಗಿದಲ್ಲಿ ಎಡ ತುದಿ ಸೇರಿಕೊಳ್ಳುತ್ತದೆ. ಹಾಗಾಗಿ ಅಡ್ಡಕ್ಕೆ ಎಷ್ಟು ಉದ್ದ ಬೇಕಾದರೂ ಎಳೆಯಬಹುದು, ಉದ್ದಕ್ಕೆ ಮಾತ್ರ ಪಟ್ಟಿಯ ಎತ್ತರ ಮೀರುವಂತಿಲ್ಲ.

ಮೊದಲು ಅಳತೆ. ನಿಮ್ಮ ಬೀದಿಯಲ್ಲಿ ಆಟಗಾರ ನಡೆದು ಹೋಗುತ್ತಾನೆ, ಕ್ಯಾಮೆರಾ ಅವನ ಬೆನ್ನ ಹಿಂದೆ ಇರುತ್ತದೆ ಎಂದುಕೊಳ್ಳುತ್ತೇನೆ. ಅದಕ್ಕೆ ಮೀಟರಿಗೆ 512 ಪಿಕ್ಸೆಲ್ ಸಾಕು. ಆಗ 2048ರ ಶೀಟು ನಿಜದಲ್ಲಿ 4 ಮೀಟರ್ ಅಗಲ, 4 ಮೀಟರ್ ಎತ್ತರದ ಕಲ್ಲಿನ ಮೈಗೆ ಸಮ. ಆಟಗಾರನ ಕಣ್ಣೇ ಕ್ಯಾಮೆರಾ ಆಗಿ, ಕಂಬಕ್ಕೆ ಮೂಗು ತಾಗುವಷ್ಟು ಹತ್ತಿರ ಹೋಗುವುದಾದರೆ ಮೀಟರಿಗೆ 1024 ಇಟ್ಟುಕೊಂಡು ಶೀಟನ್ನು 4096 ಮಾಡಿ. ಅನುಪಾತ ಅದೇ ಉಳಿಯುತ್ತದೆ, ಮುಂದೆ ಹೇಳುವ ಪಿಕ್ಸೆಲ್ ಲೆಕ್ಕಗಳನ್ನೆಲ್ಲ ಎರಡರಿಂದ ಗುಣಿಸಿಕೊಳ್ಳಿ. ಒಂದು ಕಂಬದ ಕಲ್ಲಿನ ಕಾಳು ದಪ್ಪ, ಪಕ್ಕದ ತೊಲೆಯದು ಸಣ್ಣ ಎಂಬ ನಿಮ್ಮ ಹಳೆಯ ತೊಂದರೆ ಇಲ್ಲಿಗೇ ತೀರುತ್ತದೆ, ಏಕೆಂದರೆ ಎಲ್ಲ ತುಂಡೂ ಒಂದೇ ಅಳತೆಗೋಲಿನಿಂದ ಒಂದೇ ಶೀಟನ್ನು ಓದುತ್ತದೆ. ಮೆಮೊರಿಯ ಲೆಕ್ಕವೂ ಸರಳ. ಬಿಸಿ7 ಕಂಪ್ರೆಶನ್‌ನಲ್ಲಿ 2048ರ ಒಂದು ಮ್ಯಾಪು, ದೂರದ ನೋಟಕ್ಕೆ ಬಳಸುವ ಅದರ ಕಿರು ಪ್ರತಿಗಳಾದ ಮಿಪ್‌ಗಳೂ ಸೇರಿ ಸುಮಾರು 5.3 ಎಂಬಿ. ಬಣ್ಣ, ನಾರ್ಮಲ್, ರಫ್‌ನೆಸ್ ಮೂರೂ ಸೇರಿದರೆ 16 ಎಂಬಿ. 14 ತುಂಡಿಗೆ ಬೇರೆ ಬೇರೆ ಇಟ್ಟರೆ 224 ಎಂಬಿ.

ಈಗ ತುಂಡುಗಳನ್ನೆಲ್ಲ ಎದುರಿಗಿಟ್ಟುಕೊಂಡು, ಅವುಗಳಲ್ಲಿ ನಿಜವಾಗಿ ಎಷ್ಟು ಬಗೆಯ ಮೈಗಳಿವೆ ಎಂದು ಎಣಿಸಿ. ನೀವು 14 ತುಂಡು ಎಂದಿದ್ದೀರಿ. ನನ್ನ ಊಹೆಯಲ್ಲಿ ಅವು ಹೀಗಿರಬೇಕು: ನೇರ ಜಗುಲಿ, ಅದರ ಹೊರಮೂಲೆ, ಒಳಮೂಲೆ, ಮೆಟ್ಟಿಲು, ನೆಲದ ಚಪ್ಪಡಿ, ಚೌಕ ಕಂಬ, ನಡುವೆ ಎಂಟು ಮುಖವಿರುವ ಕಂಬ, ಕಂಬದ ತಲೆಯ ಮೇಲೆ ಕೂತು ತೊಲೆ ಹೊರುವ ಬೋದಿಗೆ, ತೊಲೆ, ತೊಲೆಯ ತುದಿ, ಸೂರಿನ ಕಪೋತ, ಕಪೋತದ ಮೂಲೆ, ಚಾವಣಿ ಚಪ್ಪಡಿ, ಹಿಂಗೋಡೆ. ತುಂಡು ಹದಿನಾಲ್ಕಾದರೂ ಮೈ ಅಷ್ಟಿಲ್ಲ. ತೊಲೆಯ ಮುಖ, ಚೌಕ ಕಂಬದ ಮುಖ, ಮೆಟ್ಟಿಲಿನ ಎದುರು ಮೂರೂ ಸುಮಾರು ಅರ್ಧ ಮೀಟರಿನ ಒಳಗಿನ, ಎರಡೂ ಅಂಚು ಕಾಣುವ ಸಾದಾ ಕಲ್ಲು. ಅವಕ್ಕೆ ಒಂದೇ ಪಟ್ಟಿ ಸಾಕು. ಹೀಗೆ ಸೇರಿಸುತ್ತಾ ಹೋದರೆ ಒಂಬತ್ತಕ್ಕೆ ಬಂದು ನಿಲ್ಲುತ್ತದೆ.

ನಾನಾದರೆ ಮೇಲಿಂದ ಕೆಳಗೆ ಹೀಗೆ ಇಡುತ್ತೇನೆ. ಮೊದಲು ಸಾದಾ ಕಲ್ಲು, ನೆಲಕ್ಕೂ ಗೋಡೆಗೂ, 512 ಪಿಕ್ಸೆಲ್. ಆಮೇಲೆ ಕಂಬ ಮತ್ತು ತೊಲೆಯ ಮುಖ, ಜಗತಿ, ಕಪೋತ, ಇವು ತಲಾ 256. ಕುಮುದ 192. ಪಟ್ಟಿಕೆ 128, ಕಮಲದ ಎಸಳಿನ ಸಾಲು 128. ಚಪ್ಪಡಿಯ ತೆಳು ಅಂಚಿಗೂ ಗಳಕ್ಕೂ 64. ಕೊನೆಯ 256ರ ಸಾಲು ಮಾತ್ರ ಓಡುವ ಪಟ್ಟಿಯಲ್ಲ. ಕಂಬದ ಮೇಲಿನ ಉಬ್ಬುಶಿಲ್ಪದ ಚೌಕಗಳು, ಬೋದಿಗೆಯ ಪಕ್ಕ, ತೊಲೆಯ ತುದಿ, ಹೀಗೆ ಬಿಡಿಬಿಡಿ ಅಲಂಕಾರಗಳು ಅಲ್ಲಿ ಕೂರುತ್ತವೆ. ಎಲ್ಲ ಕೂಡಿಸಿದರೆ ಸರಿಯಾಗಿ 2048. ಕೊನೆಯ ಸಾಲಿನ ಬಲಗಡೆ ಸ್ವಲ್ಪ ಜಾಗವನ್ನು ಖಾಲಿ ಬಿಡಿ. ಇದನ್ನು ನಾನು ಪೆಟ್ಟು ತಿಂದು ಕಲಿತೆ. ಹಿಂದೆ ಕೆಲಸ ಮಾಡಿದ ಒಂದು ಸ್ಟುಡಿಯೋದಲ್ಲಿ ನಲವತ್ತು ತುಂಡಿನ ಯುವಿ ಮುಗಿದ ಮೇಲೆ ಇನ್ನೊಂದು ಪಟ್ಟಿ ಬೇಕೆಂದು ಬಂತು. ಜಾಗ ಇರಲಿಲ್ಲ. ಒಂದು ಪಟ್ಟಿಯನ್ನು ಕಿರಿದು ಮಾಡಿ ತುರುಕಿದೆವು. ಅದರ ಕೆಳಗಿದ್ದ ಪ್ರತಿ ಪಟ್ಟಿಯೂ ಜರುಗಿ, ನಲವತ್ತನ್ನೂ ಮತ್ತೆ ಕೂರಿಸಲು ಒಂದು ವಾರ ಹಿಡಿಯಿತು. ಮೊದಲ ಯುವಿ ಕೂರಿಸಿದ ದಿನದಿಂದ ಪಟ್ಟಿಗಳ ಗಡಿ ಬದಲಾಗಬಾರದು. ಪಟ್ಟಿಯ ಒಳಗಿನ ಚಿತ್ರವನ್ನು ಎಷ್ಟು ಸಲ ಬೇಕಾದರೂ ಬದಲಿಸಿ.

ಬಾಗಿದ ಮೈಗಳಲ್ಲಿ ಒಂದು ಎಚ್ಚರ ಬೇಕು. ಎತ್ತರವನ್ನು ಅಳೆಯಬೇಡಿ, ಮೈಯುದ್ದಕ್ಕೆ ದಾರ ಹಿಡಿದು ಅಳೆದಂತೆ ಅಳೆಯಿರಿ. ಕಪೋತ 30 ಸೆಂಟಿಮೀಟರ್ ಇಳಿದು 40 ಸೆಂಟಿಮೀಟರ್ ಹೊರಚಾಚುತ್ತದೆ ಎಂದಿಟ್ಟುಕೊಳ್ಳಿ. ನೇರ ಗೆರೆ ಎಳೆದರೇ 50, ಬಾಗಿದ ಮೈ ಅದಕ್ಕಿಂತ ತುಸು ಹೆಚ್ಚು. ಎತ್ತರ 30 ಎಂದು 160 ಪಿಕ್ಸೆಲ್ ಕೊಟ್ಟರೆ ಕಲ್ಲಿನ ಕಾಳುಗಳು ಎಳೆದ ರಬ್ಬರಿನಂತೆ ಉದ್ದವಾಗಿ ಕಾಣುತ್ತವೆ. ಮೂರು ಮುಖದ ಕುಮುದಕ್ಕೂ ಇದೇ ಲೆಕ್ಕ.

ಇನ್ನು ಸಂದಿನ ವಿಷಯ. ಇದಕ್ಕೆ ನಿಧಾನವಾಗಿ ಸಮಯ ಕೊಡಿ, ತುಂಡು ಸೇರುವಲ್ಲಿ ಡಿಸೈನ್ ಒಡೆಯುತ್ತದೆ ಎಂಬ ನಿಮ್ಮ ದೂರಿನ ಉತ್ತರ ಇಲ್ಲೇ ಇದೆ. ಶೀಟು 4 ಮೀಟರ್, ನಿಮ್ಮ ತುಂಡು 2 ಮೀಟರ್. ಒಂದು ಜಗುಲಿ ತುಂಡು ಯು ಅಳತೆಯಲ್ಲಿ 0ಯಿಂದ 0.5ರವರೆಗೆ ತೆಗೆದುಕೊಳ್ಳುತ್ತದೆ. ಅದರ ಪಕ್ಕ ಅದೇ ತುಂಡನ್ನು ಇಟ್ಟರೆ 0.5ರಲ್ಲಿ ಮುಗಿದ ಚಿತ್ರದ ಪಕ್ಕ 0ಯಲ್ಲಿ ಶುರುವಾಗುವ ಚಿತ್ರ ಬರುತ್ತದೆ. ಪಟ್ಟಿ 0 ಮತ್ತು 1 ಸೇರುವಂತೆ ಮಾತ್ರ ಮಾಡಿದ್ದರೆ ಇಲ್ಲಿ ಒಡೆಯಲೇಬೇಕು. ತುಂಡುಗಳನ್ನು 4 ಮೀಟರ್ ಮಾಡುವುದು ಒಂದು ದಾರಿ, ಆದರೆ ಗ್ರಿಡ್ಡಿನ ಅನುಕೂಲ ಹೋಗುತ್ತದೆ.

ಇದಕ್ಕಿಂತ ಒಳ್ಳೆಯ ದಾರಿ ಕಲ್ಲಿನ ಕಟ್ಟಡದಲ್ಲೇ ಇದೆ. ನಿಜವಾದ ಜಗತಿ ಒಂದೇ ಕಲ್ಲಲ್ಲ, ಕಲ್ಲುಗಳ ಸಾಲು. ಹಾಗಾದರೆ ಯು 0ಯಲ್ಲೂ 0.5ರಲ್ಲೂ ಕಡ್ಡಾಯವಾಗಿ ಒಂದೊಂದು ಸಂದು ಬರುವಂತೆ ಪಟ್ಟಿಯನ್ನು ಕೆತ್ತಿ. ಸಂದಿನ ತೋಡಿನ ಅರ್ಧ ಈ ಕಡೆ, ಅರ್ಧ ಆ ಕಡೆ. ನಡುವೆ ಇನ್ನೂ ಒಂದೆರಡು ಸಂದುಗಳಿರಲಿ, ಅವು ಎಲ್ಲಿ ಬೇಕಾದರೂ ಬೀಳಲಿ. ಒಂದು ಅರ್ಧದಲ್ಲಿ 70 ಸೆಂಟಿಮೀಟರಿಗೆ, ಇನ್ನೊಂದು ಅರ್ಧದಲ್ಲಿ 120ಕ್ಕೆ ಬಿದ್ದರೆ ಯಾರಿಗೂ ಅದು ಲೆಕ್ಕದ ಸಾಲು ಅನ್ನಿಸುವುದಿಲ್ಲ. ಈಗ ಪಟ್ಟಿಯ ಎಡ ಅರ್ಧ ಒಂದು ರೂಪ, ಬಲ ಅರ್ಧ ಇನ್ನೊಂದು ರೂಪ. ಅದೇ ಜಗುಲಿಯನ್ನು ಎರಡು ಯುವಿಯಲ್ಲಿ ಉಳಿಸಿಕೊಂಡು ಯಾವ ಕ್ರಮದಲ್ಲಿ ಜೋಡಿಸಿದರೂ, ತುಂಡು ಸೇರುವ ಜಾಗ ಯಾವಾಗಲೂ ಎರಡು ಕಲ್ಲು ಸೇರುವ ಜಾಗವೇ ಆಗಿರುತ್ತದೆ. ಕಮಲದ ಎಸಳಿನ ಪಟ್ಟಿಯಲ್ಲಿ ಅರ್ಧ ಶೀಟಿಗೆ ಪೂರ್ಣ ಸಂಖ್ಯೆಯ ಎಸಳು ಬರುವಂತೆ ನೋಡಿಕೊಳ್ಳಿ. ಒಂದು ಎಸಳು 12.5 ಸೆಂಟಿಮೀಟರ್ ಅಂದರೆ 64 ಪಿಕ್ಸೆಲ್ ಆದರೆ ಅರ್ಧಕ್ಕೆ 16 ಎಸಳು. ಎಸಳಿನ ನಡುವೆ ತುಂಡಾಗುವ ಮಾತೇ ಇಲ್ಲ.

ಬೇಕ್ ಮಾಡುವಾಗ ಇದಕ್ಕೆ ಸೇರಿದ ಒಂದು ತಪ್ಪು ಸಾಮಾನ್ಯವಾಗಿ ಆಗುತ್ತದೆ. 4 ಮೀಟರಿನ ಸಮತಟ್ಟು ಪ್ಲೇನಿನ ಮೇಲೆ ಕೆತ್ತಿದ ಕಲ್ಲುಗಳನ್ನು ಸರಿಯಾಗಿ 4 ಮೀಟರಿಗೇ ನಿಲ್ಲಿಸಿದರೆ, ತುದಿಯ ಆಚೆ ನೆರಳು ಕೊಡುವ ಕಲ್ಲೇ ಇರುವುದಿಲ್ಲ. ಆಗ ಎರಡೂ ತುದಿಗಳಲ್ಲಿ ಆಂಬಿಯೆಂಟ್ ಅಕ್ಲೂಶನ್ ತೆಳುವಾಗಿ, ಪ್ರತಿ 4 ಮೀಟರಿಗೆ ಒಂದು ಬೆಳಕಿನ ಗೆರೆ ಮೂಡುತ್ತದೆ. ಅದೇ ಸಾಲಿನ ಪ್ರತಿಯನ್ನು ಎಡಕ್ಕೊಂದು ಬಲಕ್ಕೊಂದು ಇಟ್ಟು, ನಡುವಿನದನ್ನು ಮಾತ್ರ ಪ್ಲೇನಿಗೆ ಬೇಕ್ ಮಾಡಿ. ಮೇಲೆ ಕೆಳಗೆ ಇದರ ತಿರುಗುಮುರುಗು. ಹೊರಚಾಚಿದ ಕಪೋತದ ನೆರಳು ಶೀಟಿನಲ್ಲಿ ಪಕ್ಕದಲ್ಲಿರುವ ಕುಮುದದ ಮೇಲೆ ಬೀಳಬಾರದು, ಏಕೆಂದರೆ ಕಟ್ಟಡದಲ್ಲಿ ಅವೆರಡೂ ನೆರೆಹೊರೆಯೇ ಅಲ್ಲ. ಪಟ್ಟಿಗಳನ್ನು ಒಂದೊಂದಾಗಿ ಬೇಕ್ ಮಾಡಿ ಆಮೇಲೆ ಸೇರಿಸುವುದು ನಿಧಾನವಾದರೂ ಸ್ವಚ್ಛ.

ಮೂಲೆಗೆ ಬರೋಣ. ಕಲ್ಲಿನ ಅಂಚು ಎಂದೂ ಚಾಕುವಿನಂತಿರುವುದಿಲ್ಲ, ಅದರಲ್ಲೂ ನೂರಾರು ವರ್ಷ ಮಳೆ ಬಿಸಿಲು ಕಂಡ ಕಣಶಿಲೆಯ ಅಂಚು. ಆ ದುಂಡನ್ನು ಪ್ರತಿ ತುಂಡಿನಲ್ಲೂ ಪಾಲಿಗನ್ ಕೊಟ್ಟು ಮಾಡದೆ ಶೀಟಿನಲ್ಲೇ ಇಡುವ ಒಂದು ಜಾಣ ವಿಧಾನವಿದೆ. ಇನ್ಸಾಮ್ನಿಯಾಕ್ ಗೇಮ್ಸ್‌ನ ಮಾರ್ಟನ್ ಓಲ್ಸೆನ್ ಗೇಮ್ ತಯಾರಕರ 2015ರ ಜಿಡಿಸಿ ಸಮ್ಮೇಳನದಲ್ಲಿ ಇದನ್ನು ವಿವರಿಸಿದ್ದರು, ಅಲ್ಟಿಮೇಟ್ ಟ್ರಿಮ್ ಎಂಬ ಹೆಸರು ಅಲ್ಲಿಂದಲೇ ಹರಡಿತು. ಪ್ರತಿ ಪಟ್ಟಿಯ ಮೇಲಂಚು ಕೆಳಅಂಚುಗಳಲ್ಲಿ ನಾರ್ಮಲ್ ಮ್ಯಾಪು ಹೊರಮುಖವಾಗಿ ಬಾಗುತ್ತಾ ಹೋಗಿ, ತುದಿಯಲ್ಲಿ ಸರಿಯಾಗಿ 45 ಡಿಗ್ರಿಗೆ ನಿಲ್ಲಬೇಕು. ಕಂಬದ ಎರಡು ಮುಖಗಳು 90 ಡಿಗ್ರಿಯಲ್ಲಿ ಸೇರುತ್ತವಲ್ಲ, ಆ ಅಂಚಿಗೆ ಎರಡೂ ಮುಖಗಳು ತಮ್ಮ ತಮ್ಮ ಪಟ್ಟಿಯ ತುದಿಯನ್ನು ತಂದಿಡುತ್ತವೆ. ಒಂದು ಕಡೆಯಿಂದ 45, ಇನ್ನೊಂದು ಕಡೆಯಿಂದ 45. ಎರಡೂ ಒಂದೇ ದಿಕ್ಕಿಗೆ ಮುಖ ಮಾಡಿ ನಿಲ್ಲುವುದರಿಂದ ಬೆಳಕು ಒಂದರಿಂದ ಒಂದಕ್ಕೆ ತಡೆಯಿಲ್ಲದೆ ಹರಿದು, ಚೂಪಾದ ಪೆಟ್ಟಿಗೆಯಂಥ ಕಂಬ ದುಂಡಂಚಿನ ಕಲ್ಲಾಗಿ ಕಾಣುತ್ತದೆ. ಬಾಗುವ ಅಗಲ ನಿಮ್ಮ ಅಳತೆಯಲ್ಲಿ 10 ಪಿಕ್ಸೆಲ್, ಅಂದರೆ ಸುಮಾರು 2 ಸೆಂಟಿಮೀಟರ್ ಇರಲಿ. ಎಲ್ಲ ಪಟ್ಟಿಗೂ ಒಂದೇ ಅಗಲ. ಒಂದರಲ್ಲಿ 6, ಇನ್ನೊಂದರಲ್ಲಿ 14 ಇದ್ದರೆ ಅವು ಸೇರಿದ ಮೂಲೆ ಓರೆಯಾಗಿ ಕಾಣುತ್ತದೆ.

ನಿಮ್ಮ ಮೂಲೆಯ ಶೇಡಿಂಗ್ ಕೊಳಕಾಗಲು ಎರಡು ಕಾರಣ ಇರಬಹುದು, ಎರಡನ್ನೂ ಪರೀಕ್ಷಿಸಿ. ಒಂದು, ನೀವು ತುಂಡಿಗೆ ಸ್ಮೂತ್ ಶೇಡಿಂಗ್ ಕೊಟ್ಟಿದ್ದೀರಿ. ಆಗ ಮೆಶ್ ತಾನೇ ಮೂಲೆಯಲ್ಲಿ 45 ಡಿಗ್ರಿ ಬಾಗಿರುತ್ತದೆ, ಅದರ ಮೇಲೆ ಮ್ಯಾಪು ಇನ್ನೂ 45 ಬಾಗಿಸುತ್ತದೆ. ಮುಖದ ನಡುವಿನವರೆಗೂ ಮಬ್ಬು ಹರಡಿ, ಅಂಚಿನಲ್ಲಿ ತಪ್ಪು ಕಡೆ ಬೆಳಗುತ್ತದೆ. ಈ ವಿಧಾನದಲ್ಲಿ 90 ಡಿಗ್ರಿಯ ಎಲ್ಲ ಅಂಚುಗಳೂ ಚೂಪಾಗಿಯೇ ಇರಬೇಕು. ಬ್ಲೆಂಡರ್‌ನಲ್ಲಿ ಆ ಅಂಚುಗಳನ್ನು ಆರಿಸಿ Mark Sharp ಕೊಡಿ, ಅಲ್ಲೇ ಯುವಿಯೂ ಕತ್ತರಿಸಿರಲಿ. ಎರಡು, ಹಸಿರು ಚಾನೆಲ್ ತಿರುಗಿದೆ. ಬ್ಲೆಂಡರ್, ಯೂನಿಟಿ, ಗೋಡೋ ಓಪನ್‌ಜಿಎಲ್ ಪದ್ಧತಿಯವು, ಅನ್‌ರಿಯಲ್ ಡೈರೆಕ್ಟ್‌ಎಕ್ಸ್ ಪದ್ಧತಿಯದು. ಬ್ಲೆಂಡರ್‌ನಲ್ಲಿ ಬೇಕ್ ಮಾಡಿದ್ದನ್ನು ಅನ್‌ರಿಯಲ್‌ಗೆ ಒಯ್ದರೆ ಟೆಕ್ಸ್ಚರ್ ತೆರೆದು Flip Green Channel ಗುರುತು ಹಾಕಬೇಕು. ಹಾಕದಿದ್ದರೆ ಉಬ್ಬಿದ್ದು ತಗ್ಗಾಗಿ, ದುಂಡಂಚು ತೋಡಾಗಿ ಕಾಣುತ್ತದೆ.

ಊಹಿಸುತ್ತಾ ಕೂರಬೇಡಿ, ಬಣ್ಣ ಹೆಕ್ಕುವ ಸಲಕರಣೆಯಿಂದ ಅಂಚಿನ ಪಿಕ್ಸೆಲ್ ಓದಿ. ಓಪನ್‌ಜಿಎಲ್ ಮ್ಯಾಪಿನಲ್ಲಿ ಪಟ್ಟಿಯ ಮೇಲಂಚಿನ ತುದಿ 128, 218, 218ರ ಆಸುಪಾಸು ಇರಬೇಕು. ಕೆಳಅಂಚಿನ ತುದಿ 128, 37, 218. ಇದು 45 ಡಿಗ್ರಿಯ ಸೈನ್ ಬೆಲೆಯಿಂದ ಬಂದ ಲೆಕ್ಕ:

```
0.5 + 0.5 * 0.7071 = 0.854  ->  218
0.5 - 0.5 * 0.7071 = 0.146  ->   37
```

ಹಸಿರು 190ರಷ್ಟೇ ಇದ್ದರೆ ನಿಮ್ಮ ಬಾಗು 45 ಮುಟ್ಟಿಲ್ಲ, ಮೂಲೆಯಲ್ಲಿ ಒಂದು ಸೀಳು ಉಳಿಯುತ್ತದೆ. ಮೇಲಂಚಿನಲ್ಲಿ 37, ಕೆಳಗೆ 218 ಬಂದರೆ ಮ್ಯಾಪು ಡೈರೆಕ್ಟ್‌ಎಕ್ಸ್ ಪದ್ಧತಿಯದು.

ಇಲ್ಲಿ ನನಗೆ ಬಹಳ ಇಷ್ಟವಾದ ಒಂದು ಸಂಗತಿ ಇದೆ. ಪಟ್ಟಿಯ ಮೇಲೆ ಕೆಳಗೆ ಬಾಗು ಇದೆ ಸರಿ, ಆದರೆ ಜಗುಲಿಯ ಹೊರಮೂಲೆಯಲ್ಲಿ ನಿಲುವು ಅಂಚಿಗೆ ಬಾಗು ಎಲ್ಲಿಂದ ಬರಬೇಕು? ಪಟ್ಟಿ ಅಡ್ಡಕ್ಕೆ ನಿಲ್ಲದೆ ಓಡುತ್ತದೆಯಲ್ಲ. ಉತ್ತರ, ನಾವು ಆಗಲೇ ಕೆತ್ತಿದ ಸಂದು. ಸಂದಿನಲ್ಲಿ ಎಡಗಲ್ಲಿನ ತುದಿ ಬಲಕ್ಕೆ ಬಾಗುತ್ತದೆ, ಬಲಗಲ್ಲಿನ ತುದಿ ಎಡಕ್ಕೆ ಬಾಗುತ್ತದೆ. ಎರಡನ್ನೂ 45 ಡಿಗ್ರಿಗೆ ಮುಟ್ಟಿಸಿ. ಜಗುಲಿಯ ಒಂದು ಮುಖ ಯು 0.5ರಲ್ಲಿ ಮುಗಿದು, ಮೂಲೆ ತಿರುಗಿ, ಇನ್ನೊಂದು ಮುಖ 0.5ರಿಂದಲೇ ಶುರುವಾದರೆ, ಸಮತಟ್ಟಿನಲ್ಲಿ ಸಂದಾಗಿದ್ದದ್ದೇ ಮೂಲೆಯಲ್ಲಿ ದುಂಡಂಚಾಗುತ್ತದೆ. ಒಂದೇ ಕೆತ್ತನೆ ಎರಡು ಕೆಲಸ ಮಾಡುತ್ತದೆ. ಇದಕ್ಕಾಗಿ ಸಂದಿನ ನಡುವಿನ ಕಪ್ಪನ್ನು ಬಣ್ಣದ ಮ್ಯಾಪಿನಲ್ಲಿ ತೀರಾ ಗಾಢ ಮಾಡಬೇಡಿ, ಎರಡು ಮೂರು ಪಿಕ್ಸೆಲ್ ಅಗಲದ ಮಣ್ಣಿನ ಬಣ್ಣ ಸಾಕು. ಯುವಿಯನ್ನೂ ಸಂದಿನ ನಟ್ಟನಡುವೆ ನಿಲ್ಲಿಸದೆ ಎರಡು ಪಿಕ್ಸೆಲ್ ಒಳಗೆ ತನ್ನಿ, ಇಲ್ಲವಾದರೆ ಆಚೆಗಲ್ಲಿನ ವಿರುದ್ಧ ಬಾಗು ಸೇರಿಕೊಳ್ಳುತ್ತದೆ. ಒಳಮೂಲೆಗೆ ಮಾತ್ರ ಇದು ನಡೆಯದು. ಅಲ್ಲಿ ಮುಖಗಳು ಒಳಗೆ ಮಡಚಿಕೊಳ್ಳುವುದರಿಂದ ಹೊರಬಾಗು ಸುಳ್ಳು ಬೆಳಕು ಕೊಡುತ್ತದೆ. ಒಳಮೂಲೆಯ ಮುಖಗಳು ಸಂದಿನಿಂದ 12 ಪಿಕ್ಸೆಲ್ ದಾಟಿ ಶುರುವಾಗಲಿ.

ಈಗ ದೂರದ ಕಪ್ಪು ಗೆರೆ. ಕ್ಯಾಮೆರಾ ದೂರ ಹೋದಂತೆ ಎಂಜಿನ್ ಟೆಕ್ಸ್ಚರ್‌ನ ಕಿರಿದಾದ ಮಿಪ್‌ಗಳನ್ನು ಬಳಸುತ್ತದೆ. ನಾಲ್ಕನೆಯ ಮಿಪ್ ಹೊತ್ತಿಗೆ ಅಡ್ಡಕ್ಕೂ ಉದ್ದಕ್ಕೂ ಮೂಲದ 16 ಪಿಕ್ಸೆಲ್‌ಗಳು ಕರಗಿ ಒಂದಾಗಿರುತ್ತವೆ. ನೀವು ಪಟ್ಟಿಗಳ ನಡುವೆ ಕಪ್ಪು ಖಾಲಿಜಾಗ ಬಿಟ್ಟಿದ್ದೀರಿ, ಆ ಕಪ್ಪು ಕರಗಿ ಅಂಚಿಗೆ ಬರುತ್ತಿದೆ. ಖಾಲಿಜಾಗ ಬೇಕು ನಿಜ, ಆದರೆ ಅದು ಆ ಪಟ್ಟಿಯದೇ ಅಂಚಿನ ಬಣ್ಣ ಮತ್ತು ಅಂಚಿನ ನಾರ್ಮಲ್‌ನಿಂದ ತುಂಬಿರಬೇಕು. ಪ್ರತಿ ಪಟ್ಟಿಯ ಮೇಲೆ 8, ಕೆಳಗೆ 8 ಪಿಕ್ಸೆಲ್ ಹೀಗೆ ತುಂಬಿ, ಯುವಿಯನ್ನು ಅದರ ಒಳಗೆ ಕೂರಿಸಿ. 256ರ ಪಟ್ಟಿಯಲ್ಲಿ ಬಳಸಲು 240 ಉಳಿಯುತ್ತದೆ. ಅರ್ಧ ಮೀಟರ್ ಕಲ್ಲನ್ನು ಅದರಲ್ಲಿ ಹಿಡಿಸಿದರೆ ಉದ್ದಕ್ಕೆ ಆರು ಪ್ರತಿಶತ ವ್ಯತ್ಯಾಸ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಮೇಲೆ ಕೊಟ್ಟ ಎತ್ತರಗಳೆಲ್ಲ 64ರ ಗುಣಕಗಳು ಎಂಬುದನ್ನು ಗಮನಿಸಿರಬಹುದು. ಅದು ಬೇಕೆಂದೇ. ಪಟ್ಟಿಯ ಗಡಿ 64ರ ಗುಣಕದ ಮೇಲೆ ನಿಂತರೆ, ಆರನೆಯ ಮಿಪ್‌ವರೆಗೂ ಯಾವ ಪಿಕ್ಸೆಲ್ಲೂ ಎರಡು ಪಟ್ಟಿಗಳ ಮೇಲೆ ಕಾಲು ಚಾಚಿ ನಿಲ್ಲುವುದಿಲ್ಲ. ಗಡಿಯನ್ನು 300, 470 ಎಂದು ಮನಸ್ಸಿಗೆ ಬಂದಲ್ಲಿ ಎಳೆದರೆ ಮೂರನೆಯ ಮಿಪ್‌ನಲ್ಲೇ ಬೆರೆತುಬಿಡುತ್ತದೆ. 8 ಪಿಕ್ಸೆಲ್ ತುಂಬುವಿಕೆಯ ಜೊತೆಗೆ ನಾಲ್ಕನೆಯ ಮಿಪ್‌ವರೆಗೂ ಅಂಚು ಸ್ವಚ್ಛ, ಐದನೆಯದರಿಂದ ನೆರೆಯ ಬಣ್ಣ ಸ್ವಲ್ಪ ನುಸುಳುತ್ತದೆ. 1080ರ ಪರದೆಯಲ್ಲಿ, 60 ಡಿಗ್ರಿ ನಿಲುವು ನೋಟದಲ್ಲಿ ಐದನೆಯ ಮಿಪ್ ಪೂರ್ತಿಯಾಗಿ ಬರುವುದು ಸುಮಾರು 58 ಮೀಟರ್ ದೂರದಲ್ಲಿ. ಬೀದಿಯುದ್ದಕ್ಕೆ ಓರೆಯಾಗಿ ನೋಡಿದಾಗ ಇನ್ನೂ ಹತ್ತಿರದಲ್ಲೇ ಬರಬಹುದು, ಅದಕ್ಕೆ ಆನಿಸೊಟ್ರೊಪಿಕ್ ಫಿಲ್ಟರಿಂಗ್ ಚಾಲೂ ಇಡಿ. ಆಮೇಲೂ ನುಸುಳಿದರೆ ಕಾಣದಂತೆ, ಬೆಳಕು-ಕತ್ತಲು ಹತ್ತಿರವಿರುವ ಪಟ್ಟಿಗಳನ್ನೇ ಅಕ್ಕಪಕ್ಕ ಇಡಿ. ಕಪ್ಪು ಹೆಚ್ಚಿರುವ ಗಳದ ಪಟ್ಟಿಯನ್ನು ಸಾದಾ ಬಿಳಿಗಲ್ಲಿನ ಪಕ್ಕ ಇಡಬೇಡಿ.

ಯುವಿ ಕೂರಿಸುವುದು ಕೈಯಲ್ಲಿ ಮಾಡಿದರೆ ಬೇಸರದ ಕೆಲಸ, ತಪ್ಪೂ ಆಗುತ್ತದೆ. ಮುಖಗಳನ್ನು ನೇರವಾಗಿ ಬಿಚ್ಚಿ, ಮೀಟರಿಗೆ 512ರ ಅಳತೆಗೆ ತಂದು, ಎಲ್ಲವನ್ನೂ ಒಂದೇ ಎತ್ತರದಲ್ಲಿ ಅಡ್ಡಕ್ಕೆ ಮಲಗಿಸಿದ ಮೇಲೆ, ಎಡಿಟ್ ಮೋಡ್‌ನಲ್ಲಿ ಆ ಮುಖಗಳನ್ನು ಆರಿಸಿ ಈ ಚಿಕ್ಕ ಸ್ಕ್ರಿಪ್ಟ್ ಓಡಿಸಿ. TOP, BOTTOM ಎಂದರೆ ಶೀಟಿನ ಮೇಲಿಂದ ಎಣಿಸಿದ ಪಟ್ಟಿಯ ಗಡಿಗಳು. ಇಲ್ಲಿರುವುದು ಕಂಬ ಮತ್ತು ತೊಲೆಯ ಪಟ್ಟಿ.

```python
import bpy, bmesh
TOP, BOTTOM, PAD, SIZE = 512, 768, 8, 2048
me = bpy.context.edit_object.data
bm = bmesh.from_edit_mesh(me)
uv = bm.loops.layers.uv.verify()
loops = [l for f in bm.faces if f.select for l in f.loops]
vs = [l[uv].uv.y for l in loops]
lo, hi = min(vs), max(vs)
a = 1 - (BOTTOM - PAD) / SIZE
b = 1 - (TOP + PAD) / SIZE
for l in loops:
    t = (l[uv].uv.y - lo) / (hi - lo)
    l[uv].uv.y = a + t * (b - a)
bmesh.update_edit_mesh(me)
```

ಇದು ಎತ್ತರವನ್ನು ಮಾತ್ರ ಪಟ್ಟಿಗೆ ಹಿಡಿಸುತ್ತದೆ, ಅಡ್ಡಳತೆಯನ್ನು ಮುಟ್ಟುವುದಿಲ್ಲ. ಕಂಬದ ನಾಲ್ಕು ಮುಖಗಳು ಯುವಿಯಲ್ಲಿ ಒಂದರ ಮೇಲೊಂದು ಬಿದ್ದಿರುತ್ತವೆ, ಅದು ಸರಿಯೇ. ಆದರೆ ನಾಲ್ಕೂ ಮುಖದಲ್ಲಿ ಒಂದೇ ಗೀರು ಒಂದೇ ಎತ್ತರದಲ್ಲಿ ಕಾಣದಂತೆ, ಒಂದೊಂದು ಮುಖವನ್ನು ಅಡ್ಡಕ್ಕೆ ಬೇರೆ ಬೇರೆ ದೂರ ಜರುಗಿಸಿ. ಲೈಟ್‌ಮ್ಯಾಪ್ ಬಳಸುವುದಾದರೆ ಅದಕ್ಕೆ ಒಂದರ ಮೇಲೊಂದು ಬೀಳದ ಎರಡನೆಯ ಯುವಿ ಬೇಕೇ ಬೇಕು.

ಅದೇ ಪಟ್ಟಿ ತೊಲೆಯಲ್ಲಿ ಮಲಗುತ್ತದೆ, ಕಂಬದಲ್ಲಿ ನಿಲ್ಲುತ್ತದೆ. ಹಾಗಾಗಿ ಮಳೆನೀರು ಇಳಿದ ಕರೆಯನ್ನು ಶೀಟಿನಲ್ಲಿ ಬರೆಯಬಾರದು. ತೊಲೆಯಲ್ಲಿ ಚೆಂದ ಕಂಡ ಕರೆ ಕಂಬದಲ್ಲಿ ಅಡ್ಡಕ್ಕೆ ಹರಿಯುತ್ತದೆ. ಶೀಟಿನಲ್ಲಿ ಕಲ್ಲಿನ ಕಾಳು, ಉಳಿಯ ಗುರುತು, ಅಂಚಿನ ಸವೆತ ಇಷ್ಟೇ ಇರಲಿ. ಕರೆ, ಪಾಚಿ, ಬುಡದ ಕೆಂಪುಧೂಳು ಎಲ್ಲವನ್ನೂ ಶೇಡರ್‌ನಲ್ಲಿ ಲೋಕದ ಮೇಲ್ದಿಕ್ಕನ್ನು ನೋಡಿ ಅಥವಾ ವರ್ಟೆಕ್ಸ್ ಬಣ್ಣದಿಂದ ಹಾಕಿ. ಎದ್ದು ಕಾಣುವ ಬಿರುಕೂ ಶೀಟಿನಲ್ಲಿ ಬೇಡ. 100 ಮೀಟರ್ ಸಾಲಿನಲ್ಲಿ ಅದು 25 ಸಲ ಬರುತ್ತದೆ, ಮೂರನೆಯ ಸಲಕ್ಕೇ ಕಣ್ಣು ಹಿಡಿಯುತ್ತದೆ. ಬಿರುಕನ್ನು ಡೆಕಾಲ್ ಮಾಡಿ, ಬೇಕಾದ ಎರಡು ಕಡೆ ಅಂಟಿಸಿ. ಹತ್ತು ಜಗುಲಿ ತುಂಡುಗಳನ್ನು ಸಾಲಾಗಿ ಇಟ್ಟು, 15 ಮೀಟರ್ ಹಿಂದೆ ನಿಂತು, ಕಣ್ಣು ಕಿರಿದು ಮಾಡಿ ನೋಡಿ. ಯಾವುದಾದರೂ ಒಂದು ಚುಕ್ಕೆ ತಾಳ ಹಾಕಿದಂತೆ ಮರಳಿ ಬರುತ್ತಿದ್ದರೆ ಅದನ್ನು ಅಳಿಸಿ.

ಕೊನೆಗೆ, ನಿಮ್ಮ 14ರಲ್ಲಿ ಎರಡು ತುಂಡು ಈ ಶೀಟಿಗೆ ಪೂರ್ತಿ ಒಗ್ಗುವುದಿಲ್ಲ. ಒಂದು, ನಡುವೆ ಎಂಟು ಮುಖವಿರುವ ಕಂಬ. ಅಲ್ಲಿ ಒಂದು ಮುಖದಿಂದ ಇನ್ನೊಂದಕ್ಕೆ ತಿರುವು 90 ಅಲ್ಲ, 45 ಡಿಗ್ರಿ. ಪ್ರತಿ ಕಡೆಯಿಂದ 22.5 ಬಾಗಿದರೆ ಸಾಕು, ನಮ್ಮ ಪಟ್ಟಿ 45 ಬಾಗುತ್ತದೆ, ಬೆಳಕು ಒಂದನ್ನೊಂದು ದಾಟಿ ಅಡ್ಡಾಗುತ್ತದೆ. ಆ ಭಾಗಕ್ಕೆ ಪಟ್ಟಿಯ ಅಂಚುಗಳನ್ನು ಬಿಟ್ಟು ನಡುವಿನ ಸಾದಾ ಕಲ್ಲನ್ನು ಮಾತ್ರ ಬಳಸಿ, ಅಂಚುಗಳಿಗೆ ನಿಜವಾದ ಬೆವೆಲ್ ಕೊಟ್ಟು Weighted Normal ಮಾಡಿಫೈಯರ್ ಹಾಕಿ. ಕಂಬ ಕಣ್ಣಿನ ಮಟ್ಟದಲ್ಲೇ ಇರುವುದರಿಂದ ಹೊರಗೆರೆಯೂ ದುಂಡಾಗುತ್ತದೆ. ಆ ಕೆಲವು ನೂರು ತ್ರಿಕೋನಗಳು ಇಂದಿನ ಯಂತ್ರಕ್ಕೆ ಹೊರೆಯಲ್ಲ. ಎರಡನೆಯದು ಬೋದಿಗೆ. ಅದರ ಪಕ್ಕದ ಮುಖ ಕೊನೆಯ ಸಾಲಿನಿಂದ ಬರಲಿ, ಕೆಳಗಿನ ಬಾಗು ಕಪೋತದ ಪಟ್ಟಿಯಿಂದ ಬರಲಿ. ಇಳಿಬಿದ್ದ ಹೂಮೊಗ್ಗು ಇದ್ದರೆ ಅದನ್ನು ಶೀಟಿಗೆ ಹಿಡಿಸಲು ಒದ್ದಾಡದೆ, ಬೇರೆಯೇ 512ರ ಚಿಕ್ಕ ಟೆಕ್ಸ್ಚರ್ ಕೊಡಿ.

ಉಬ್ಬುಶಿಲ್ಪದ ಸಾಲುಗಳಿಗೂ ಇದೇ ವಿವೇಚನೆ. ಮುಂದೊಂದು ದಿನ ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ತಳದ ಆನೆಸಾಲನ್ನು ಮಾಡಬೇಕೆನಿಸಿದರೆ, ಅದನ್ನು ಟ್ರಿಮ್ ಪಟ್ಟಿ ಮಾಡಬೇಡಿ. ಅಲ್ಲಿ ಶಿಲ್ಪಿ ಒಂದೊಂದು ಆನೆಯನ್ನೂ ಬೇರೆಯಾಗಿ ಕಡೆದಿದ್ದಾನೆ. ನಾಲ್ಕು ಮೀಟರಿಗೊಮ್ಮೆ ಅದೇ ಆನೆ ಅದೇ ಸೊಂಡಿಲು ಮಡಚಿ ಬಂದರೆ ಕಂಡವರಿಗೆ ತಕ್ಷಣ ಗೊತ್ತಾಗುತ್ತದೆ. ಅದರ ಮೇಲಿನ ಬಳ್ಳಿಯ ಸಾಲನ್ನು ಪಟ್ಟಿಯಲ್ಲಿಡಿ, ಆನೆಗಳನ್ನು ಏಳೆಂಟು ಬಿಡಿ ತುಂಡುಗಳಾಗಿ ಮಾಡಿ ಕ್ರಮ ತಪ್ಪಿಸಿ ಜೋಡಿಸಿ.